ಮೂರು ಮೈಕು, ಒಂದು ದಾರ, ಜಾರುವ ಸ್ಟ್ಯಾಂಡು

ಡ್ರಮ್ ಕಿಟ್ಟಿನ ರೆಕಾರ್ಡಿಂಗಿಗೆ ಮೂರೇ ಮೈಕ್ ಸಾಕು ಅಂದರೆ ಡ್ರಮ್ಮರ್‌ಗಳಿಗೆ ಅವಮಾನ ಆಗುತ್ತದೆ. ಡ್ರಮ್ ಬಾರಿಸುವ ಗೆಳೆಯ ನನ್ನ ಮೂರು ಸ್ಟ್ಯಾಂಡ್ ನೋಡಿ "ಉಳಿದವು ಗಾಡಿಯಲ್ಲಿ ಇವೆಯಾ?" ಅಂದ. ಇಲ್ಲ ಮಾರಾಯ, ಇಷ್ಟೇ. ಗ್ಲಿನ್ ಜಾನ್ಸ್ ಅನ್ನೋ ಇಂಗ್ಲಿಷ್ ಎಂಜಿನಿಯರ್ ಹೆಸರಲ್ಲೇ ಇರುವ ಪದ್ಧತಿ ಇದು. ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್ಮು ಕಿಕ್, ಅದರ ಮುಂದೆ ಒಂದು ಮೈಕು; ಡ್ರಮ್ಮರ್‌ನ ಎದುರಿಗೇ ಇರುವ ಚಪ್ಪಟೆ ಡ್ರಮ್ಮು ಸ್ನೇರ್, ಅದರ ಮೇಲೆ ಸುಮಾರು ಒಂದು ಮೀಟರ್ ಎತ್ತರದಲ್ಲಿ ಇನ್ನೊಂದು. ಮೂರನೆಯದು ಡ್ರಮ್ಮರ್‌ನ ಬಲಗಡೆ, ನೆಲದ ಮೇಲೆ ನಿಲ್ಲುವ ಫ್ಲೋರ್ ಟಾಮ್ ಡ್ರಮ್ಮಿನ ಆಚೆ, ಅದರ ಅಂಚಿಗಿಂತ ಸ್ವಲ್ಪ ಮೇಲೆ, ಮೂತಿ ಸ್ನೇರ್ ಮತ್ತು ಜೋಡಿ ಸಿಂಬಲ್ ಇರುವ ಹೈ-ಹ್ಯಾಟ್ ಕಡೆಗೆ.

ಷರತ್ತು ಒಂದೇ. ಸ್ನೇರ್‌ನ ನಡುವಿನಿಂದ ಮೇಲಿನ ಮೈಕಿಗೆ ಎಷ್ಟು ದೂರವೋ, ಬದಿಯ ಮೈಕಿಗೂ ಅಷ್ಟೇ ದೂರ ಇರಬೇಕು. ಆಗ ಸ್ನೇರ್ ಸದ್ದು ಎರಡಕ್ಕೂ ಒಂದೇ ಹೊತ್ತಿಗೆ ಮುಟ್ಟುತ್ತದೆ.

ಅಳೆಯಲು ಮೊದಲು ಸ್ಟೀಲ್ ಟೇಪು ತಂದೆವು. ಗೆಳೆಯ ತುದಿ ಹಿಡಿದಿದ್ದ, ಕೈ ಜಾರಿತು. ಟೇಪು ಸರ್ರ್ ಅಂತ ವಾಪಸ್ ಬರುತ್ತಾ ದಾರಿಯಲ್ಲಿ ಸಿಂಬಲ್‌ಗೆ ಒಂದು ಕೊಟ್ಟು ಬಂತು. ಆ ದಿನದ ಅತ್ಯಂತ ಸ್ವಚ್ಛವಾದ ಹೊಡೆತ ಅದೇ, ಆದರೆ ರೆಕಾರ್ಡಿಂಗ್ ಆನ್ ಇರಲಿಲ್ಲ. ಆಮೇಲೆ ದಾರ ಬಂತು. ಒಂದು ತುದಿಯನ್ನು ಸ್ನೇರ್ ನಡುವೆ ಬೆರಳಲ್ಲಿ ಒತ್ತಿ ಹಿಡಿ, ಮೇಲಿನ ಮೈಕಿನ ಮೂತಿಗೆ ಬಂದಲ್ಲಿ ಗಂಟು ಹಾಕು, ಅದೇ ಗಂಟು ಬದಿಯ ಮೈಕಿನ ಮೂತಿಗೂ ಸಿಗುವ ಹಾಗೆ ಸ್ಟ್ಯಾಂಡ್ ಸರಿಸು. ಮುಗೀತು. ಮುಗಿದ ಮೇಲೆ ಗೆಳೆಯ ಕೂತುಕೊಂಡು, "ಸ್ವಲ್ಪ ಹತ್ತಿರ ಇದ್ರೆ ಚೆನ್ನಾಗಿರುತ್ತೆ" ಅಂತ ಸ್ನೇರನ್ನೇ ಎಳೆದುಕೊಂಡ. ಹಾಗಾಗಿ ಅಳತೆ ಹಿಡಿಯುವ ಮೊದಲು ಡ್ರಮ್ಮರ್‌ನ ಕೂರಿಸಬೇಕು, ಕೂತವನು ಒಂದಿಷ್ಟು ಬಾರಿಸಿ ಎಲ್ಲವನ್ನೂ ತನಗೆ ಬೇಕಾದಲ್ಲಿ ಎಳೆದುಕೊಂಡು ಮುಗಿಸಬೇಕು, ಆಮೇಲೆ ದಾರ.

ಬದಿಯ ಮೈಕನ್ನು ಒಂದು ಕಡೆಗೆ ಪೂರ್ತಿ ಪ್ಯಾನ್ ಮಾಡಿ, ಅಂದರೆ ಅದರ ಸದ್ದು ಒಂದೇ ಕಿವಿಗೆ ಬರುವ ಹಾಗೆ ತಿರುಗಿಸಿ, ಮೇಲಿನದನ್ನು ಇನ್ನೊಂದು ಕಡೆಗೆ ಅರ್ಧ ತಿರುಗಿಸಿದೆ. ಲೆವೆಲ್ ಸರಿ ಮಾಡಿದಾಗ ಸ್ನೇರ್ ನಡುವೆ ಬಂದು ಕೂತಿತು. ಹಾಡು ಶುರುವಾಯಿತು. ಮೊದಲ ಚರಣ ಅದ್ಭುತ. ಎರಡನೆಯದರಲ್ಲಿ ಸ್ನೇರ್ ಯಾಕೋ ಮೇಲಿನ ಮೈಕಿನ ಕಡೆಗೆ ವಾಲಿದ ಹಾಗೆ ಅನಿಸಿತು. ಎರಡೂ ಕಡೆಯ ಸದ್ದನ್ನು ಒಂದಾಗಿ ಕೂಡಿಸುವ ಮೊನೊ ಬಟನ್ ಒತ್ತಿದರೆ ಅದೇ ಸ್ನೇರ್ ತೆಳ್ಳಗಾಗಿ, ಡಬ್ಬದೊಳಗೆ ಕೂತು ಮಾತಾಡಿದಂತೆ ಕೇಳಿಸುತ್ತಿದೆ. ಹೆಡ್‌ಫೋನ್ ಕೆಟ್ಟಿತಾ, ಕೇಬಲ್ ಲೂಸಾ ಅಂತ ಹುಡುಕುತ್ತಿದ್ದಾಗ ಠಣ್ ಅಂತ ಒಂದು ಸದ್ದು. ಗೆಳೆಯನ ಕೋಲು ಮೈಕಿಗೇ ಬಡಿದಿತ್ತು!

ಸ್ಟ್ಯಾಂಡಿನ ಅಡ್ಡ ಕೋಲು ಹಾಡಿನ ಉದ್ದಕ್ಕೂ ಯಾರಿಗೂ ಗೊತ್ತಾಗದ ಹಾಗೆ ಜಾರುತ್ತಿತ್ತು. ಗಂಟು ಹಾಕಿದ ದಾರ ಹಿಡಿದು ನೋಡಿದರೆ ಬದಿಯ ಮೈಕು ಒಂದು ಮೀಟರಿನಲ್ಲೇ ಇದೆ, ಮೇಲಿನದು 83 ಸೆಂಟಿಮೀಟರಿಗೆ ಇಳಿದಿದೆ. ಬರೀ 17 ಸೆಂಟಿಮೀಟರ್ ವ್ಯತ್ಯಾಸ, ಅಲ್ವಾ? ಆದರೆ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ, ಅಂದರೆ ಆ ದೂರಕ್ಕೆ ಅರ್ಧ ಮಿಲಿಸೆಕೆಂಡ್. 1000 ಹರ್ಟ್ಜ್ ಸದ್ದಿನ ಒಂದು ಸುತ್ತು ಒಂದು ಮಿಲಿಸೆಕೆಂಡ್. ಹಾಗಾಗಿ ಒಂದು ಮೈಕಿನಲ್ಲಿ ಅಲೆ ಏರುವಾಗ ಇನ್ನೊಂದರಲ್ಲಿ ಇಳಿಯುತ್ತದೆ, ಎರಡನ್ನೂ ಕೂಡಿಸಿದರೆ ಆ ಸದ್ದು ಹೆಚ್ಚುಕಡಿಮೆ ಅಳಿಸಿಹೋಗುತ್ತದೆ. 3000, 5000 ಹರ್ಟ್ಜ್‌ನಲ್ಲೂ ಇದೇ ಕತೆ. ಸ್ಟೀರಿಯೊದಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ, ಮೊನೊದಲ್ಲಿ ಬಚ್ಚಿಡೋಕೆ ಆಗಲ್ಲ. ಸ್ನೇರ್ ವಾಲಿದ್ದಕ್ಕೂ ಕಾರಣ ಇದೇ, ಹತ್ತಿರದ ಮೈಕಿಗೆ ಸದ್ದು ಬೇಗ ಮುಟ್ಟುತ್ತದೆ, ಜೋರಾಗಿಯೂ ಮುಟ್ಟುತ್ತದೆ.

ಮದ್ದು ಬಹಳ ಸರಳ. ಅಡ್ಡ ಕೋಲು ಸ್ಟ್ಯಾಂಡಿನ ಮೂರು ಕಾಲಲ್ಲಿ ಒಂದರ ನೇರಕ್ಕೆ ಚಾಚಿರಬೇಕು, ಇಲ್ಲದಿದ್ದರೆ ಇಡೀ ಸ್ಟ್ಯಾಂಡೇ ಮಗುಚುತ್ತದೆ. ಕೋಲಿನ ಹಿಂದಿನ ತುದಿಗೆ ಮೈಕಿನ ಭಾರ ಸರಿದೂಗುವಷ್ಟು ಏನಾದರೂ ಕಟ್ಟಬೇಕು, ಆಗ ತಿರುಪು ಒಬ್ಬನೇ ಹೆಣಗಾಡಬೇಕಿಲ್ಲ. ನಾವು ಮರಳು ತುಂಬಿದ ಚೀಲ ಕಟ್ಟಿದೆವು. ಚೀಲದಲ್ಲಿ ತೂತಿತ್ತು ಅನ್ನೋದನ್ನು ಆಮೇಲೆ ಕಸಪೊರಕೆ ಹೇಳಿತು.

ಕಿಕ್ ಮೈಕಿನದು ಬೇರೆ ತಕರಾರು. ಮೂರನ್ನೂ ಮೊನೊದಲ್ಲಿ ಕೇಳುತ್ತಾ ಕಿಕ್ ಚಾನೆಲ್‌ನಲ್ಲಿ ಅಲೆಯನ್ನು ತಲೆಕೆಳಗು ಮಾಡುವ ಪೊಲಾರಿಟಿ ಬಟನ್ ಒತ್ತಿ, ಬಿಟ್ಟು ನೋಡಬೇಕು, ಯಾವುದರಲ್ಲಿ ತಳದ ಸದ್ದು ದಪ್ಪಗಿದೆಯೋ ಅದನ್ನು ಇಟ್ಟುಕೊಳ್ಳಬೇಕು. ನಮ್ಮಲ್ಲಿ ಒತ್ತಿದ್ದೇ ಸರಿಯಾಗಿತ್ತು, ಕಾರಣ ಹುಡುಕುವ ತಾಳ್ಮೆ ಯಾರಿಗೂ ಉಳಿದಿರಲಿಲ್ಲ.

ಎಲ್ಲ ಸರಿಯಾದ ಮೇಲೆ ಗೆಳೆಯ ಕೇಳಿ, "ಹೈ-ಹ್ಯಾಟ್ ಜಾಸ್ತಿ ಆಯ್ತು, ಸ್ವಲ್ಪ ಇಳಿಸು" ಅಂದ. ಏನನ್ನು ಇಳಿಸಲಿ? ಅದಕ್ಕೆ ಅಂತ ಮೈಕೇ ಇಲ್ಲ. ಮೇಲಿನದನ್ನು ಇಳಿಸಿದರೆ ಸ್ನೇರೂ ಹೋಗುತ್ತದೆ. "ಇಳಿಸೋ ಬಟನ್ ನಿನ್ನ ಬಲಗೈಯಲ್ಲಿದೆ ಕಣೋ" ಅಂದೆ. ಮುಖ ದಪ್ಪ ಮಾಡಿಕೊಂಡು ಹೈ-ಹ್ಯಾಟನ್ನು ಸುಮ್ನೆ ಮುಟ್ಟಿದ ಹಾಗೆ ಮಾಡಿ, ಸಿಟ್ಟನ್ನೆಲ್ಲ ಸ್ನೇರ್ ಮೇಲೆ ತೀರಿಸಿಕೊಂಡ. ಅದೇ ಟೇಕ್ ಇಟ್ಟುಕೊಂಡೆವು.