ಉತ್ಪಾದಕರು: ಅಮ್ಮ

ಅಮೆರಿಕದಲ್ಲಿರುವ ಮಗಳಿಗೆ ಉಪ್ಪಿನಕಾಯಿ ಕಳಿಸಲು ಹೋದ ದಿನವೇ ನಾನೊಬ್ಬ ಉತ್ಪಾದಕಿ ಅಂತ ತಿಳಿದದ್ದು. ಅಲ್ಲಿಯವರೆಗೆ ಬರೀ ಅಮ್ಮ ಅಂದುಕೊಂಡಿದ್ದೆ.

ಕೊರಿಯರ್ ಕೌಂಟರಿನ ಹುಡುಗ ಪೌಚನ್ನು ಹಿಂದೆ ಮುಂದೆ ತಿರುಗಿಸಿ, "ಲೇಬಲ್ ಎಲ್ಲಿ ಆಂಟಿ?" ಅಂದ.

"ನೋಡಿದರೇ ಗೊತ್ತಾಗುತ್ತಲ್ಲಪ್ಪಾ, ಮಿಡಿ ಉಪ್ಪಿನಕಾಯಿ."

"ನಿಮಗೆ ಗೊತ್ತಾಗುತ್ತೆ, ಅಲ್ಲಿನ ಕಸ್ಟಮ್ಸ್‌ನವರಿಗೆ ಗೊತ್ತಾಗಬೇಕಲ್ಲ."

ಸರಿ ಅಂತ ಬರೆಯೋಕೆ ಕೂತೆ. ಒಳಗೇನಿದೆ ಎಂಬಲ್ಲಿ ಮಾವಿನ ಮಿಡಿ, ಉಪ್ಪು, ಸಾಸಿವೆ, ಮೆಣಸಿನಕಾಯಿ, ಅರಿಸಿನ ಅಂತ ಬರೆದೆ. ಉಪ್ಪು ಎಷ್ಟು ಅಂತ ಕೇಳಿದ. ನಮ್ಮತ್ತೆ ನನಗೆ ಕೈ ತೋರಿಸಿದ್ದರೇ ಹೊರತು ತಕ್ಕಡಿ ತೋರಿಸಿರಲಿಲ್ಲ. ಅವಧಿ ಮುಗಿಯುವ ದಿನ? ನಿಜ ಬರೆಯುವುದಾದರೆ, ಮಗಳು ಮತ್ತು ಅವಳ ರೂಮ್‌ಮೇಟ್ ಪೌಚು ಬಿಚ್ಚಿದ ಮೂರನೇ ವಾರ.

ಕೊನೆಗೆ "ಮನೆಯಲ್ಲಿ ತಯಾರಿಸಿದ್ದು" ಅಂತ ದಪ್ಪ ಅಕ್ಷರದಲ್ಲಿ ಬರೆದೆ ನೋಡಿ, ಹುಡುಗ ಹೌಹಾರಿದ. "ಅಯ್ಯೋ, ಅದನ್ನ ಮಾತ್ರ ಬರೀಬೇಡಿ ಆಂಟಿ! ಡೌಟ್ ಬರುತ್ತೆ. ಅಂಗಡಿ ಪ್ಯಾಕೆಟ್ ಥರ ಇರಬೇಕು."

ತಮಾಷೆ ಇರುವುದು ಇಲ್ಲೇ. ಅಮೆರಿಕದವರು 2002ರಲ್ಲಿ ಒಂದು ಕಾಯ್ದೆ ಮಾಡಿ, ಹೊರಗಿನಿಂದ ಬರುವ ತಿನಿಸಿಗೆಲ್ಲ ತಮ್ಮ ಆಹಾರ ಇಲಾಖೆಗೆ ಮೊದಲೇ ಸೂಚನೆ ಕೊಡಬೇಕು ಅಂದರು. ಆದರೆ ಒಬ್ಬರು ತಮ್ಮ ಮನೆಯಲ್ಲಿ ಕೈಯಾರೆ ಮಾಡಿ, ವ್ಯಾಪಾರಕ್ಕಲ್ಲದೆ ಉಡುಗೊರೆಯಾಗಿ ಇನ್ನೊಬ್ಬರಿಗೆ ಕಳಿಸಿದರೆ ಆ ಸೂಚನೆ ಬೇಕಿಲ್ಲ ಅಂತಲೂ ಅದರ ನಿಯಮದಲ್ಲೇ ಬರೆದಿಟ್ಟಿದ್ದಾರೆ. ಅಂದರೆ ವಿನಾಯಿತಿ ಇರುವುದು ಅಮ್ಮನಿಗೆ, ಅಂಗಡಿಗಲ್ಲ. ನಮ್ಮ ಕೌಂಟರಿನಲ್ಲಿ ಮಾತ್ರ ಅಮ್ಮ ಅಂಗಡಿಯ ವೇಷ ಹಾಕಿದರಷ್ಟೇ ಪಾರ್ಸೆಲ್ ಮುಂದಕ್ಕೆ. ನಮ್ಮನೆಯವರು ಅಲ್ಲೇ ನಿಂತು ಒಂದು ಕಂಪನಿ ಹುಟ್ಟುಹಾಕಿದರು. ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಐದು ನಿಮಿಷಕ್ಕೆ ಅದರ ಲೇಬಲ್ ಬಂತು. ಬಂಡವಾಳ ಇಪ್ಪತ್ತು ರೂಪಾಯಿ.

ಆಮೇಲೆ ಚಟ್ನಿಪುಡಿ. "ಕೊಬ್ಬರಿ ಹಾಕಿದ್ದೀರಾ?" ಅಂತ ಪಿಸುದನಿಯಲ್ಲಿ ಕೇಳಿದ, ಗಾಂಜಾ ಇದೆಯಾ ಅನ್ನುವ ಹಾಗೆ. ವಿಮಾನದವರ ಅಪಾಯಕಾರಿ ಸರಕಿನ ಪಟ್ಟಿಯಲ್ಲಿ ಒಣಕೊಬ್ಬರಿಗೆ 1363 ಅನ್ನುವ ನಂಬರೇ ಇದೆ. ತಾನಾಗಿ ಹೊತ್ತಿಕೊಳ್ಳುವ ವಸ್ತುಗಳ ವರ್ಗ, ಬಿಳಿ ರಂಜಕ ಕೂತಿರುವ ಪಂಕ್ತಿ. ಕಾರಣವೂ ಸುಳ್ಳಲ್ಲ. ಎಣ್ಣೆ ತುಂಬಿದ ಕೊಬ್ಬರಿಯನ್ನು ತೇವದ ಸಮೇತ ರಾಶಿ ಹಾಕಿದರೆ ಒಳಗೊಳಗೇ ಕಾವು ಏರಿ, ಅದು ಹೊರಗೆ ಹೋಗಲಾರದೆ ಹೊತ್ತಿಕೊಳ್ಳಬಹುದು. ಹಡಗಿನ ಹೊಟ್ಟೆಯಲ್ಲಿ ಟನ್‌ಗಟ್ಟಲೆ ತುಂಬಿದಾಗಿನ ಭಯ ಅದು. ನಾನು ಹಾಕಿದ್ದು ತುರಿದು, ಹುರಿದು, ಕುಟ್ಟಿದ ಎರಡು ಗಿಟುಕು. ವಾದಿಸಿ ಪ್ರಯೋಜನವಿಲ್ಲ ಅಂತ ಪುಡಿಯನ್ನು ವಾಪಸ್ ತಂದು, ಬರೀ ಕಡಲೆಬೇಳೆ, ಉದ್ದಿನಬೇಳೆಯದ್ದು ಮಾಡಿದೆ. ತಿಪಟೂರಿನವರು ಕ್ಷಮಿಸಬೇಕು.

ಚಕ್ಕುಲಿಗೂ ಎಳ್ಳಿನ ಕಾಟ. ಅಮೆರಿಕದಲ್ಲಿ 2023ರಿಂದ ಪ್ಯಾಕೆಟ್ಟಿನ ಮೇಲೆ ಹೆಸರಿಸಲೇಬೇಕಾದ ಅಲರ್ಜಿಕಾರಕಗಳಲ್ಲಿ ಎಳ್ಳು ಒಂಬತ್ತನೆಯದು. ಯುರೋಪಿನವರ ಹದಿನಾಲ್ಕರ ಪಟ್ಟಿಯಲ್ಲಿ ಸಾಸಿವೆಯೂ ಉಂಟಂತೆ. ಪುಣ್ಯಕ್ಕೆ ಮಗಳು ಜರ್ಮನಿಗೆ ಹೋಗಲಿಲ್ಲ. ಹೋಗಿದ್ದರೆ ನನ್ನ ಒಗ್ಗರಣೆ ಡಬ್ಬಿಯೇ ಎಚ್ಚರಿಕೆಯ ಫಲಕವಾಗುತ್ತಿತ್ತು.

ಇಷ್ಟೆಲ್ಲ ಕೇಳಿದರೂ, ನಿಜಕ್ಕೂ ಕೇಳಬೇಕಾದ್ದನ್ನು ಯಾರೂ ಕೇಳಲಿಲ್ಲ: ಇದು ಸೋರುತ್ತದೆಯೇ? ಮನೆಗೆ ಬಂದು ಪೌಚನ್ನು ದಿನಪತ್ರಿಕೆಯ ಮೇಲೆ ತಲೆಕೆಳಗಾಗಿ ಮಲಗಿಸಿದೆ. ಬೆಳಿಗ್ಗೆ ಕಾಗದದ ಮೇಲೆ ಒಂದು ಕಲೆಯೂ ಇಲ್ಲ. ಗೆದ್ದೆ ಅಂದುಕೊಂಡೆ. ನಾಲ್ಕನೇ ದಿನ ನೋಡಿದರೆ ಪೌಚು ಜಾತ್ರೆಯ ಬಲೂನಿನಂತೆ ಉಬ್ಬಿ ಕೂತಿದೆ! ಹೊಸ ಉಪ್ಪಿನಕಾಯಿ, ಇನ್ನೂ ಹುಳಿಯುತ್ತಿತ್ತು, ಒಳಗೆ ಗಾಳಿ ಕಟ್ಟಿತ್ತು. ಹಾಗೇ ವಿಮಾನ ಹತ್ತಿಸಿದ್ದರೆ ಯಾರ ಸೂಟ್‌ಕೇಸಿಗೆ ಅಭಿಷೇಕವಾಗುತ್ತಿತ್ತೋ. ಭರಣಿಯಲ್ಲಿ ಹೋದ ವರ್ಷದ್ದಿತ್ತು. ಅದರ ಹುಳಿತವೆಲ್ಲ ಮುಗಿದು, ಮಿಡಿ ಸುಕ್ಕಾಗಿ ರಸದ ಅಡಿಗೆ ಇಳಿದಿತ್ತು. ಅದನ್ನು ತುಂಬಿ ಸೀಲ್ ಮಾಡಿದೆ. ನಾಲ್ಕು ದಿನ ಕಾದರೂ ಪೌಚು ಚಪ್ಪಟೆಯಾಗಿಯೇ ಉಳಿಯಿತು.

ತಯಾರಾದ ದಿನ ಅಂತ ಹೋದ ವರ್ಷದ ತಾರೀಕು ಹಾಕಿಕೊಂಡು ಹೋದರೆ ಹುಡುಗ ಮತ್ತೆ ತಲೆ ಚಚ್ಚಿಕೊಂಡ. "ಹಳೇ ಮಾಲು ಅಂತಾರೆ ಆಂಟಿ, ಹೋದ ತಿಂಗಳದ್ದು ಹಾಕಿ." ಉಬ್ಬಿದ ಹೊಸದಕ್ಕೆ ಸರಿಯಾದ ತಾರೀಕಿತ್ತು, ಕಳಿಸಲು ಯೋಗ್ಯವಾದ ಹಳೆಯದಕ್ಕೆ ಸುಳ್ಳು ತಾರೀಕು ಬಿತ್ತು. ಇಲ್ಲದ ಕಂಪನಿ, ಆಗದ ದಿನ, ಅಳೆಯದ ಉಪ್ಪು. ಈಗ ಎಲ್ಲ ಕ್ರಮಬದ್ಧವಾಗಿದೆ ಅಂತ ಹುಡುಗ ಠಸ್ಸೆ ಒತ್ತಿದ.

ಹನ್ನೊಂದನೇ ದಿನ ಮಗಳ ಫೋನು ಬಂತು. ದನಿ ಸಪ್ಪಗಿತ್ತು.

"ಪಾರ್ಸೆಲ್ ಬಂತಮ್ಮಾ. ಆದರೆ ಯಾವುದೋ ಕಂಪನೀದು ಕಳಿಸಿದ್ದೀಯಲ್ಲ. ಈ ವರ್ಷ ನೀನು ಉಪ್ಪಿನಕಾಯಿ ಹಾಕಲಿಲ್ವಾ?"