ಗಂಜ್‌ನ ರಕ್ತದಾನ ಶಿಬಿರಕ್ಕೆ ಬಂದ ಮೂರು ಪೋಸ್ಟರ್‌: ಡಿಸೈನರ್ ತಮ್ಮನಿಗೊಂದು ಪತ್ರ

(ಕಲಬುರಗಿಯ ಧಾನ್ಯದ ಮಾರುಕಟ್ಟೆಯಾದ ಗಂಜ್‌ನಲ್ಲಿ ನಡೆಯಲಿರುವ ಶಿಬಿರಕ್ಕೆ ಒಬ್ಬ ಹುಡುಗ ಮೂರು ಪೋಸ್ಟರ್ ಮಾಡಿ ಅಭಿಪ್ರಾಯ ಕೇಳಿದ್ದ. ಅವನಿಗೆ ಬರೆದದ್ದನ್ನು ಅವನ ಒಪ್ಪಿಗೆಯಿಂದಲೇ ಇಲ್ಲಿ ಹಾಕಿದ್ದೇನೆ. ಶಿಬಿರ ಮಾಡುವ ಬೇರೆಯವರಿಗೂ ಉಪಯೋಗಕ್ಕೆ ಬಂದೀತು.)

ತಮ್ಮಾ,

ಮೂರೂ ನೋಡಿದೆ. ಮೊದಲು ಫಲಿತಾಂಶ ಹೇಳಿಬಿಡುತ್ತೇನೆ: ಮೂರನೆಯದಕ್ಕೆ ಮೊದಲ ಸ್ಥಾನ, ಎರಡನೆಯದಕ್ಕೆ ಎರಡು, ನೀನು ಎಲ್ಲಕ್ಕಿಂತ ಹೆಚ್ಚು ಬೆವರು ಸುರಿಸಿದಂತೆ ಕಾಣುವ ಮೊದಲನೆಯದಕ್ಕೆ ಕೊನೆಯ ಸ್ಥಾನ. ಚಂದ ನೋಡಿ ಅಂಕ ಕೊಟ್ಟಿಲ್ಲ. ಗಂಜ್‌ನ ಗೇಟಿನ ಹತ್ತಿರ, ಗೋಡೆಯಿಂದ ಹತ್ತು ಅಡಿ ದೂರದಲ್ಲಿ ಹಾದುಹೋಗುವ ಮನುಷ್ಯನಿಗೆ ಏನು, ಯಾವತ್ತು, ಎಲ್ಲಿ ಎಂಬ ಮೂರು ಸಂಗತಿ ನಿಲ್ಲದೆಯೇ ತಿಳಿಯುತ್ತದೆಯೇ, ನಿಂತು ಓದಿದರೆ ಶಿಬಿರಕ್ಕೆ ಸರಿಯಾಗಿ ತಯಾರಾಗಿ ಬರುತ್ತಾನೆಯೇ ಎಂದಷ್ಟೇ ನೋಡಿದ್ದೇನೆ.

ಮೊದಲನೆಯದನ್ನು ಬೇಗ ಮುಗಿಸೋಣ. ಕೆಂಪು ಹಿನ್ನೆಲೆ, ಅದರ ಮೇಲೆ ಒಂದು ದೊಡ್ಡ ಸಿರಿಂಜು, ಸೂಜಿಯ ತುದಿಯಿಂದ ಇಳಿಯುವ ಹನಿ. ರಕ್ತದಾನದಲ್ಲಿ ಸಿರಿಂಜಿನಿಂದ ರಕ್ತ ಎಳೆಯುವುದೇ ಇಲ್ಲ. ಸೂಜಿಗೆ ಅಂಟಿದ ನಳಿಕೆಯ ಮೂಲಕ ಅದು ತಾನಾಗಿ ಇಳಿದು ಚೀಲ ತುಂಬುತ್ತದೆ. ಚಿತ್ರ ತಪ್ಪು ಎನ್ನುವುದು ಒಂದು, ಮೊದಲ ಸಲ ಬರುವವನ ಹೆದರಿಕೆ ಇರುವುದೇ ಸೂಜಿಯ ಬಗ್ಗೆ ಎನ್ನುವುದು ಇನ್ನೊಂದು. ಮೂಲೆಯಲ್ಲಿ ಹಾಕಿದ ಕೆಂಪು ಶಿಲುಬೆ ಗುರುತನ್ನೂ ತೆಗೆ. ಅದು ಆಸ್ಪತ್ರೆಯ ಸಾಮಾನ್ಯ ಚಿಹ್ನೆಯಲ್ಲ. 1960ರ ಜಿನೀವಾ ಒಪ್ಪಂದಗಳ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಅದನ್ನು ಬಳಸುವಂತಿಲ್ಲ. ಒಂದು ಕೆಂಪು ಹನಿ ಸಾಕು, ಅದಕ್ಕೆ ಯಾರ ಅನುಮತಿಯೂ ಬೇಡ.

ಇದೇ ಪೋಸ್ಟರಿನ ಕೆಳಗೆ ‘ರಕ್ತ ಕೊಟ್ಟವರಿಗೆ ಹೆಲ್ಮೆಟ್ ಉಚಿತ’ ಎಂದಿದೆ. ಇದು ನಿನ್ನ ಮಾತಲ್ಲ, ಸಮಿತಿಯವರದು ಎಂದು ಗೊತ್ತು. ಆದರೂ ಹಾಕಬೇಡ ಎಂದು ಅವರಿಗೆ ಹೇಳುವ ಕೆಲಸ ನಿನ್ನದು. ದಾನಿಯ ಆರೋಗ್ಯದ ಬಗ್ಗೆ ಶಿಬಿರದಲ್ಲಿ ಕೇಳುವ ಪ್ರಶ್ನೆಗಳಿಗೆಲ್ಲ ಅವನು ನಿಜ ಹೇಳುತ್ತಾನೆ ಎಂಬ ನಂಬಿಕೆಯ ಮೇಲೆಯೇ ರೋಗಿಯ ಸುರಕ್ಷತೆ ನಿಂತಿದೆ. ಹೆಲ್ಮೆಟ್ ಆಸೆಗೆ ಬಂದವನು ಕಾಮಾಲೆ ಆಗಿತ್ತು ಎಂಬುದನ್ನು ನುಂಗಿಕೊಳ್ಳಬಹುದು. ಆಮೇಲೆ ಆ ರಕ್ತದ ಪರೀಕ್ಷೆ ನಡೆಯುತ್ತದೆ, ನಿಜ. ಆದರೆ ಸೋಂಕು ತಗುಲಿದ ಮೊದಲ ಕೆಲವು ದಿನಗಳಲ್ಲಿ ಪರೀಕ್ಷೆಗೂ ಅದು ಸಿಗದೇ ಇರಬಹುದು. ಬಿಸ್ಕಿಟ್, ಜ್ಯೂಸ್, ಪ್ರಮಾಣಪತ್ರ ಕೊಡಲಿ, ಅದಕ್ಕೆ ತಕರಾರಿಲ್ಲ.

ಏಳು ಮುಖಂಡರ ಫೋಟೋಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಮ್ಮ ಊರಿನ ರೀತಿ ನಿನಗೂ ಗೊತ್ತು. ಅವರಿಗಾಗಿ ವಾಟ್ಸಾಪ್‌ಗೆ ಬೇರೆಯೇ ಒಂದು ಚಿತ್ರ ಮಾಡಿಕೊಡು. ಗೋಡೆಯ ಪೋಸ್ಟರಿನಲ್ಲಿ ಹೆಸರುಗಳು ಒಂದೇ ಸಾಲಿನಲ್ಲಿ, ಅಡಿಯಲ್ಲಿರಲಿ. ಈಗ ಮುಖಗಳು ಅರ್ಧ ಜಾಗ ನುಂಗಿ ದಿನಾಂಕ ಬೆರಳುಗುರಿನಷ್ಟಾಗಿದೆ. ಕೊನೆಯ ಸ್ಥಾನ ಕೊಟ್ಟಿದ್ದಕ್ಕೆ ಮುಖ್ಯ ಕಾರಣ ಇದೇ. ಅಕ್ಷರ ತಪ್ಪಿದ್ದರೆ ತಿದ್ದಬಹುದು, ಇದಕ್ಕೆ ಹಂದರವೇ ಬೇರೆ ಬೇಕು.

ಎರಡನೆಯದರ ಹಂದರ ಚೆನ್ನಾಗಿದೆ, ಬಿಳಿ ಜಾಗ ಇದೆ, ಕಣ್ಣಿಗೆ ಹಗುರ. ಆದರೆ ಇದ್ದ ಹಾಗೆಯೇ ಅಚ್ಚಿಗೆ ಹೋದರೆ ಮೂರರಲ್ಲಿ ಅತಿ ಹೆಚ್ಚು ಹಾನಿ ಮಾಡುವುದು ಇದೇ. ‘ಖಾಲಿ ಹೊಟ್ಟೆಯಲ್ಲಿ ಬನ್ನಿ’ ಎಂದು ಬರೆದಿದ್ದೀಯ. ಅದು ಸಕ್ಕರೆ ಪರೀಕ್ಷೆಗೆ ರಕ್ತ ಕೊಡುವಾಗಿನ ಮಾತು. ರಕ್ತದಾನಕ್ಕೆ ತೀರಾ ಉಲ್ಟಾ: ನಾಲ್ಕು ತಾಸಿನೊಳಗೆ ಏನಾದರೂ ತಿಂದಿರಬೇಕು. ನಮ್ಮ ಬಿಸಿಲಲ್ಲಿ ಉಪವಾಸ ಬಂದು 350 ಮಿ.ಲೀ. ಕೊಟ್ಟವನು ಮಂಚದಿಂದ ಏಳುತ್ತಿದ್ದಂತೆ ಬೆವರಿ, ಮುಖ ಬಿಳುಚಿ ಕುಸಿಯುತ್ತಾನೆ. ಅದನ್ನು ಸಾಲಿನಲ್ಲಿ ನಿಂತ ಹತ್ತು ಜನ ನೋಡುತ್ತಾರೆ, ಅವರಲ್ಲಿ ನಾಲ್ಕು ಜನ ಮನೆಗೆ ಹೋಗುತ್ತಾರೆ. ಆದ್ದರಿಂದ ‘ನಾಷ್ಟಾ ಮಾಡಿ ಬನ್ನಿ, ಎರಡು ಗ್ಲಾಸ್ ನೀರು ಕುಡಿದು ಬನ್ನಿ’ ಎಂದು ದೊಡ್ಡದಾಗಿ ಬರೆ. ಸುಸಲಾನೋ ಉಪ್ಪಿಟ್ಟೋ, ಹೊಟ್ಟೆಗೆ ಬಿದ್ದಿದ್ದರೆ ಸರಿ. ಹಾಗೆಯೇ ಸಮಿತಿಯವರಿಗೆ ಹೇಳಿ ದಿನಾಂಕವನ್ನು ಒಮ್ಮೆ ಕ್ಯಾಲೆಂಡರಿನಲ್ಲಿ ನೋಡಿಸು: ರಂಜಾನ್ ರೋಜಾ, ಏಕಾದಶಿ, ಶ್ರಾವಣ ಸೋಮವಾರ ಇದ್ದರೆ ಉಪವಾಸ ಇರುವವರ ರಕ್ತ ತೆಗೆಯುವಂತಿಲ್ಲ. ಬರಬೇಕೆಂದಿದ್ದವರೂ ಹೊರಗೆ ಉಳಿಯುತ್ತಾರೆ.

ಅದರಲ್ಲೇ ಹನ್ನೊಂದು ಷರತ್ತುಗಳ ಪಟ್ಟಿ ಇದೆ. ಹಿಮೋಗ್ಲೋಬಿನ್ 12.5 ಇರಬೇಕು ಎಂಬುದು ಸರಿಯೇ. ಆದರೆ ತನ್ನ ಹಿಮೋಗ್ಲೋಬಿನ್ ಎಷ್ಟೆಂದು ಗೋಡೆ ಓದುವ ಯಾರಿಗೆ ಗೊತ್ತು? ಬೆರಳು ಚುಚ್ಚಿ ಅಲ್ಲೇ ನೋಡುತ್ತಾರೆ, ಬಿ.ಪಿ., ನಾಡಿಯೂ ಅಷ್ಟೇ. ಮನುಷ್ಯ ಮನೆಯಲ್ಲೇ ಕುಳಿತು ತನಗೆ ತಾನೇ ಹೇಳಿಕೊಳ್ಳಬಹುದಾದವು ಮೂರು. ವಯಸ್ಸು 18ರಿಂದ 60 (ಹಿಂದೆ ಕೊಟ್ಟು ರೂಢಿಯಿರುವವರಿಗೆ 65ರ ತನಕ ಇದೆ, ಪೋಸ್ಟರಿಗೆ 60 ಸಾಕು). ತೂಕ 45 ಕಿಲೋಗೆ ಕಡಿಮೆ ಇರಬಾರದು. ಹಿಂದಿನ ಸಲ ಕೊಟ್ಟು ಗಂಡಸರಿಗೆ ಮೂರು ತಿಂಗಳು, ಹೆಂಗಸರಿಗೆ ನಾಲ್ಕು ತಿಂಗಳು ಆಗಿರಬೇಕು. ನೀನು ಎಲ್ಲರಿಗೂ ಮೂರು ತಿಂಗಳು ಎಂದು ಬರೆದಿದ್ದೀಯ, ತಿದ್ದು. ಉಳಿದ ಎಂಟನ್ನು ತೆಗೆದು ‘ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಇತ್ತೀಚೆಗೆ ಕಾಯಿಲೆ ಆಗಿದ್ದರೆ ಶಿಬಿರದ ಡಾಕ್ಟರಿಗೆ ಹೇಳಿ’ ಎಂದು ಒಂದೇ ಸಾಲು ಹಾಕಿಬಿಡು.

ಆಸ್ಪತ್ರೆ ಮಂಚದ ಮೇಲಿನ ಮಗುವಿನ ಫೋಟೋ ಬೇಡ. ಆ ಮಗುವಿಗೇ ಈಗ ತುರ್ತಾಗಿ ರಕ್ತ ಬೇಕು ಎಂದು ಜನ ತಿಳಿಯುತ್ತಾರೆ. ಶಿಬಿರದ ನಂಬರಿಗೆ ‘ಯಾವ ಆಸ್ಪತ್ರೆ, ಯಾವ ಗ್ರೂಪ್’ ಎಂದು ಫೋನ್ ಬರುತ್ತದೆ, ಗ್ರೂಪ್ ಹೊಂದದವನು ನನ್ನದಲ್ಲ ಎಂದು ಸುಮ್ಮನಾಗುತ್ತಾನೆ. ಶಿಬಿರಕ್ಕೆ ಎಲ್ಲ ಗ್ರೂಪೂ ಬೇಕು.

ಇನ್ನು ಮೂರನೆಯದು. ಚೆಂಡು ಹಿಂಡುತ್ತಿರುವ ಒಂದು ಕೈ, ಮೇಲೆ ‘ರಕ್ತದಾನ ಶಿಬಿರ’, ಕೆಳಗೆ ವಾರ ಮತ್ತು ಸಮಯ. ಇಷ್ಟೇ ಬೇಕಾಗಿತ್ತು. ಲೆಕ್ಕ ಹಾಕಿ ನೋಡು: ಹತ್ತು ಅಡಿ ದೂರಕ್ಕೆ ಅಕ್ಷರದ ಎತ್ತರ ಒಂದು ಇಂಚಾದರೂ, ಅಂದರೆ ಸುಮಾರು 25 ಮಿ.ಮೀ. ಇರಬೇಕು, ಒತ್ತು ಬಿಟ್ಟು. ಎ3 ಹಾಳೆಯ ಅಗಲ 297 ಮಿ.ಮೀ. ಎರಡೂ ಕಡೆ 15 ಬಿಟ್ಟರೆ 267 ಉಳಿಯುತ್ತದೆ. ‘ರಕ್ತದಾನ ಶಿಬಿರ’ದಲ್ಲಿ ಏಳು ಅಕ್ಷರ, ಒಂದೊಂದಕ್ಕೆ 30ರಂತೆ 210, ನಡುವಿನ ಜಾಗ ಸೇರಿದರೂ ಆರಾಮಾಗಿ ಕೂರುತ್ತದೆ. ಮೊದಲ ಡಿಸೈನಿನ ‘ರಕ್ತದಾನ ಮಹಾದಾನ, ಜೀವದಾನವೇ ಶ್ರೇಷ್ಠದಾನ’ದಲ್ಲಿ ಹದಿನೇಳು ಅಕ್ಷರ. ಅದನ್ನು ಒಂದು ಸಾಲಿಗೆ ತುರುಕಿದ್ದಕ್ಕೇ ಅಕ್ಷರ ಅರ್ಧಕ್ಕೆ ಇಳಿದಿದ್ದು.

ಆದರೆ ಇದರಲ್ಲೊಂದು ತಪ್ಪಿದೆ, ಅದೂ ತಲೆಬರಹದಲ್ಲೇ. ‘ರಕ್ತದಾನ’ ಎಂಬುದು ‘ರಕ್‌ತದಾನ’ ಎಂದು ಒಡೆದಿದೆ. ನೀನು ಕೆಲಸ ಮಾಡಿದ ಫೋಟೋಶಾಪ್‌ನಲ್ಲಿ ಭಾರತೀಯ ಲಿಪಿಯ ಜೋಡಣೆ ಆನ್ ಆಗಿಲ್ಲ, ಅದಕ್ಕೆ ಒತ್ತಕ್ಷರ ಕೂಡಿಲ್ಲ. Preferences ಒಳಗೆ Type ವಿಭಾಗಕ್ಕೆ ಹೋಗಿ World-Ready Layout ಆರಿಸು (ಹಳೆಯ ಆವೃತ್ತಿಯಲ್ಲಿ Middle Eastern and South Asian ಎಂದಿರುತ್ತದೆ), ಆಮೇಲೆ ಆ ಸಾಲನ್ನು ಹೊಸದಾಗಿ ಟೈಪ್ ಮಾಡಿ ನೋಡು. ಸರಿಯಾದ ಮೇಲೆ ಇನ್ನೊಂದು ತೊಂದರೆ ಕಾಣುತ್ತದೆ: ‘ಕ್ತ’ದ ಒತ್ತು ಕೆಳಗಿಳಿದು ವಾರದ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಸಾಕಾಗುವ ಸಾಲಿನ ಅಂತರ ನಮಗೆ ಸಾಲದು. 25 ಮಿ.ಮೀ. ಅಕ್ಷರದ ಕೆಳಗೆ 15 ಮಿ.ಮೀ. ಆದರೂ ಖಾಲಿ ಬಿಡು.

ದಿನಾಂಕ, ಸಮಯವನ್ನು ಕೆಂಪಿನಲ್ಲಿ ಬರೆದಿದ್ದೀಯ, ಕಪ್ಪು ಮಾಡು. ಬಿಸಿಲಿಗೆ ಕೆಂಪು ಶಾಯಿ ಬೇಗ ಮಾಸುತ್ತದೆ, ಕಪ್ಪು ನಿಲ್ಲುತ್ತದೆ. ಕೆಂಪು ಪಟ್ಟಿಯ ಮೇಲೆ ಬಿಳಿ ಚುಕ್ಕಿಗಳಲ್ಲಿ ಬಿಡಿಸಿದ ಕ್ಯೂಆರ್ ಕೋಡ್ ಎಷ್ಟೋ ಫೋನುಗಳಿಗೆ ಸಿಗುವುದಿಲ್ಲ. ಬಿಳಿಯ ಮೇಲೆ ಕಪ್ಪು ಇರಲಿ, ಸುತ್ತ ಅಂಚು ಖಾಲಿ ಇರಲಿ. ಫೋನ್ ಹಿಡಿಯುವ ದೂರದ ಹತ್ತನೇ ಒಂದು ಭಾಗದಷ್ಟು ಅಗಲ ಬೇಕು. ಒಂದು ಮೀಟರಿನಿಂದ ಸ್ಕ್ಯಾನ್ ಆಗಬೇಕಾದರೆ 10 ಸೆಂ.ಮೀ. ಅಷ್ಟು ಜಾಗ ಇಲ್ಲದಿದ್ದರೆ ಅದನ್ನು ಕೈಬಿಡು, ನನಗೇನೂ ಬೇಸರವಿಲ್ಲ. ಅದರ ಬದಲು ‘ಗಂಜ್ ಹತ್ತಿರ’ ಎಂಬ ವಿಳಾಸ ಸರಿಮಾಡು. ಗಂಜ್ ಎಷ್ಟು ದೊಡ್ಡದು! ಯಾವ ಗೇಟು, ಒಳಗೆ ಹೋಗಿ ಎಡಕ್ಕೋ ಬಲಕ್ಕೋ, ಯಾವ ಸಭಾಭವನ ಎಂದು ಬರೆ. ರಕ್ತ ತೆಗೆಯುವ ರಕ್ತ ಕೇಂದ್ರದ ಹೆಸರೂ ಇರಲಿ. ಉರ್ದುವಿನಲ್ಲಿ ಒಂದು ಸಾಲು ಸೇರಿಸುವುದಾದರೆ ಓದಬಲ್ಲವರಿಗೆ ತೋರಿಸಿಯೇ ಅಚ್ಚಿಗೆ ಕೊಡು.

ಮೂರರಲ್ಲೂ ಇಲ್ಲದ, ಈ ಜಾಗಕ್ಕೆ ಬೇಕೇಬೇಕಾದ ಸಾಲೊಂದಿದೆ. ಗಂಜ್‌ನಲ್ಲಿ ಈ ಪೋಸ್ಟರ್ ಓದುವವರಲ್ಲಿ ಹಮಾಲರು ಬಹಳ. ರಕ್ತ ಕೊಟ್ಟ ದಿನ ಭಾರ ಎತ್ತಬಾರದು. ತಲೆಸುತ್ತು ಬರಬಹುದು, ಸೂಜಿ ಚುಚ್ಚಿದ ಜಾಗದಿಂದ ಮತ್ತೆ ರಕ್ತ ಬರಬಹುದು. ಬೆಳಿಗ್ಗೆ ಕೊಟ್ಟು ಹನ್ನೊಂದಕ್ಕೆ ತೊಗರಿ ಚೀಲ ಬೆನ್ನಿಗೇರಿಸಿದರೆ ಕಥೆ ಮುಗಿಯಿತು. ಇದನ್ನು ಕೊಟ್ಟಾದ ಮೇಲೆ ಹೇಳುವುದು ಮೋಸ, ಏಕೆಂದರೆ ಅವನ ಆ ದಿನದ ಕೂಲಿಯ ಪ್ರಶ್ನೆ. ‘ರಕ್ತ ಕೊಟ್ಟ ದಿನ ಚೀಲ ಹೊರಬೇಡಿ’ ಎಂದು ಪೋಸ್ಟರಿನಲ್ಲೇ ಇರಲಿ. ಗಂಜ್ ಬಂದ್ ಇರುವ ದಿನವೇ ಶಿಬಿರ ಇಡಿಸಿದರೆ ಇನ್ನೂ ಒಳ್ಳೆಯದು. ನೋಂದಣಿಯಿಂದ ಹಿಡಿದು ಕೊಟ್ಟ ಮೇಲಿನ ವಿಶ್ರಾಂತಿವರೆಗೆ ಸುಮಾರು ಒಂದು ತಾಸು ಹಿಡಿಯುತ್ತದೆ ಎಂಬುದನ್ನೂ ಬರೆ.

ಎಲ್ಲ ಸೇರಿ ಮಾತು ಹೀಗಿರಲಿ:

ರಕ್ತದಾನ ಶಿಬಿರ
ಭಾನುವಾರ, (ದಿನಾಂಕ), ಬೆಳಿಗ್ಗೆ 8ರಿಂದ 12
(ಗೇಟು, ಸಭಾಭವನ)
ನಾಷ್ಟಾ ಮಾಡಿ, ಎರಡು ಗ್ಲಾಸ್ ನೀರು ಕುಡಿದು ಬನ್ನಿ
ವಯಸ್ಸು 18–60, ತೂಕ 45 ಕಿಲೋ ಅಥವಾ ಹೆಚ್ಚು
ಹಿಂದೆ ಕೊಟ್ಟಿದ್ದರೆ: ಗಂಡಸರಿಗೆ 3 ತಿಂಗಳು, ಹೆಂಗಸರಿಗೆ 4 ತಿಂಗಳು ಆಗಿರಬೇಕು
ಮಾತ್ರೆ, ಕಾಯಿಲೆ ಇದ್ದರೆ ಡಾಕ್ಟರಿಗೆ ಹೇಳಿ
ಒಟ್ಟು ಒಂದು ತಾಸು. ಕೊಟ್ಟ ದಿನ ಚೀಲ ಹೊರಬೇಡಿ
(ರಕ್ತ ಕೇಂದ್ರದ ಹೆಸರು, ಒಂದೇ ಒಂದು ಫೋನ್ ನಂಬರ್)

ಮೇಲಿನ ಮೂರು ಸಾಲು ಹತ್ತು ಅಡಿಗೆ, ಉಳಿದವು ಹತ್ತಿರ ಬಂದು ಓದಲಿಕ್ಕೆ. ವಾರ-ಸಮಯದ ಸಾಲು ಒಂದರಲ್ಲಿ ಕೂರುವುದಿಲ್ಲ, ಅದನ್ನು ಒಡೆದು ಬರೆ. ವಿಳಾಸ ಉದ್ದವಾದರೆ ಅದನ್ನೂ ಎರಡು ಸಾಲು ಮಾಡು, ಅಕ್ಷರ ಸಣ್ಣ ಮಾಡಬೇಡ.

ಅಚ್ಚಿಗೆ ಮುಂಚೆ ಎ4ನಲ್ಲಿ ಒಂದು ಪ್ರತಿ ತೆಗೆದು ಗೋಡೆಗೆ ಅಂಟಿಸಿ ಏಳು ಅಡಿ ಹಿಂದೆ ನಿಂತು ನೋಡು. ಎ3ಯನ್ನು ಹತ್ತು ಅಡಿಯಿಂದ ನೋಡಿದಷ್ಟೇ ಕಾಣುತ್ತದೆ. ನಿನ್ನ ಕಣ್ಣಿಗೆ ರೂಢಿಯಾಗಿದೆ, ಚಹಾ ತಂದುಕೊಡುವ ಹುಡುಗನನ್ನು ನಿಲ್ಲಿಸಿ ‘ಯಾವತ್ತು, ಎಲ್ಲಿ’ ಎಂದು ಕೇಳು. ಪ್ರೆಸ್ಸಿನವರು ಕೋರೆಲ್ ಫೈಲೇ ಬೇಕು ಎಂದರೆ, ಎಲ್ಲ ಅಕ್ಷರ ಆರಿಸಿ Ctrl+Q ಒತ್ತಿ ಕರ್ವ್ ಮಾಡಿ ಕೊಡು. ಇಲ್ಲದಿದ್ದರೆ ಅವರ ಕಂಪ್ಯೂಟರಿನಲ್ಲಿ ನಿನ್ನ ಫಾಂಟ್ ಇಲ್ಲದೆ ಒತ್ತಕ್ಷರ ಮತ್ತೆ ಒಡೆಯುತ್ತದೆ. ಕರ್ವ್ ಆದದ್ದನ್ನು ತಿದ್ದಲಿಕ್ಕೆ ಬರುವುದಿಲ್ಲ, ಮೂಲ ಫೈಲ್ ಬೇರೆ ಇಟ್ಟುಕೋ. ಸಮಿತಿಯವರು ಫ್ಲೆಕ್ಸ್ ಕೇಳಿದರೆ, ನಮ್ಮ ರಾಜ್ಯದಲ್ಲಿ 2016ರಿಂದಲೇ ಅದಕ್ಕೆ ನಿಷೇಧ ಇದೆ ಎಂದು ನೆನಪಿಸಿ, ಗೇಟಿಗೆ ಬಟ್ಟೆಯ ಬ್ಯಾನರ್ ಬರೆಸಲು ಹೇಳು.

ತಿದ್ದಿದ ಮೇಲೆ ಮೂರನೆಯದನ್ನು ಮಾತ್ರ ಕಳಿಸು.