ರಾತ್ರಿ ಎರಡೂವರೆಗೆ ಸ್ಟಾಪ್ ಲಾಸ್ ಹೊಡೆಯುವುದು ಯಾಕೆ

ತೀರ್ಥಹಳ್ಳಿ ಕಡೆಯ ಹುಡುಗನೊಬ್ಬ ಜುಲೈನಲ್ಲಿ ತನ್ನ ಫಾರೆಕ್ಸ್ ಆ್ಯಪ್‌ನ, ಅಂದರೆ ವಿದೇಶಿ ಕರೆನ್ಸಿ ವಹಿವಾಟಿನ ಆ್ಯಪ್‌ನ, ಒಂದು ಸ್ಕ್ರೀನ್‌ಶಾಟ್ ಕಳಿಸಿದ್ದ. "ಅಣ್ಣ, ರೇಟು ನನ್ನ ಸ್ಟಾಪ್ ಮುಟ್ಟಿಯೇ ಇಲ್ಲ, ಆದರೂ ಪೊಸಿಷನ್ ಕಟ್ ಆಗಿದೆ. ಆ್ಯಪ್‌ನವರು ಮೋಸ ಮಾಡಿದಾರೆ" ಅಂತ ಅವನ ದೂರು. ಇದೇ ದೂರನ್ನು ಶಿವಮೊಗ್ಗದಲ್ಲೂ ಸಾಗರದಲ್ಲೂ ಬೇರೆ ಹುಡುಗರ ಬಾಯಲ್ಲಿ ಕೇಳಿದ್ದೇನೆ. ಹಾಗಾಗಿ ಒಮ್ಮೆ ಬಿಡಿಸಿ ಬರೆಯುತ್ತೇನೆ.

ಅವನು ಯೂರೋ-ಡಾಲರ್ ಅನ್ನು 1.1700ಕ್ಕೆ ಶಾರ್ಟ್ ಮಾಡಿದ್ದ, ಅಂದರೆ ದರ ಇಳಿಯುತ್ತದೆ ಅಂತ ಮೊದಲೇ ಮಾರಿದ್ದ. ದರ ಏರಿದರೆ ನಷ್ಟ ಹೆಚ್ಚಾಗದಂತೆ ತಾನಾಗಿ ಹೊರಬರಲು ಇಟ್ಟ ಸ್ಟಾಪ್ 1.1730ರಲ್ಲಿತ್ತು. ಚಾರ್ಟ್‌ನಲ್ಲಿ ಆ ರಾತ್ರಿಯ ಗರಿಷ್ಠ 1.1724. ನೋಡಿದರೆ ಇನ್ನೂ ಆರು ಪಿಪ್ ದೂರ ಇದೆ, ಇಲ್ಲಿ ಒಂದು ಪಿಪ್ ಅಂದರೆ 0.0001. ಆದರೆ ಸಾಮಾನ್ಯವಾಗಿ ಚಾರ್ಟ್ ತೋರಿಸುವುದು ಬಿಡ್ ದರ, ಅಂದರೆ ನೀವು ಮಾರಿದರೆ ಸಿಗುವ ದರ. ಶಾರ್ಟ್ ಮಾಡಿದವನು ಹೊರಗೆ ಬರಬೇಕಾದರೆ ಕೊಳ್ಳಬೇಕು, ಅದು ಆಸ್ಕ್ ದರದಲ್ಲಿ. ಹಗಲು ಹೊತ್ತು ಇವೆರಡರ ನಡುವಿನ ಅಂತರ, ಅಂದರೆ ಸ್ಪ್ರೆಡ್, ಒಂದು ಪಿಪ್ ಆಸುಪಾಸು ಇರುತ್ತಿತ್ತು. ಆ ನಿಮಿಷದಲ್ಲಿ ಅದು ಎಂಟಾಗಿತ್ತು. 1.1724ಕ್ಕೆ ಎಂಟು ಪಿಪ್ ಸೇರಿಸಿ: ಆಸ್ಕ್ 1.1732. ಸ್ಟಾಪ್ ನಿಜಕ್ಕೂ ಮುಟ್ಟಿತ್ತು, ಅವನು ನೋಡುತ್ತಿದ್ದ ಗೆರೆಯಲ್ಲಿ ಕಾಣಲಿಲ್ಲ ಅಷ್ಟೇ.

ಎಂಟು ಪಿಪ್ ಯಾಕಾಯಿತು ಅನ್ನುವುದಕ್ಕೆ ಗಡಿಯಾರ ನೋಡಬೇಕು. ಸಮಯ ನಮ್ಮ ರಾತ್ರಿ 2:30 ದಾಟಿ ಎರಡು ನಿಮಿಷ. ಆಗ ನ್ಯೂಯಾರ್ಕ್‌ನಲ್ಲಿ ಸಂಜೆ ಐದು. ಫಾರೆಕ್ಸ್ ಲೋಕಕ್ಕೆ ದಿನ ಮುಗಿಯುವುದು ಆ ಐದು ಗಂಟೆಗೆ. ವಹಿವಾಟಿನ ವ್ಯಾಲ್ಯೂ ಡೇಟ್, ಅಂದರೆ ಹಣ ಕೈಬದಲಾಗುವ ದಿನಾಂಕ, ಬದಲಾಗುತ್ತದೆ, ರಾತ್ರಿ ದಾಟುವ ಪೊಸಿಷನ್‌ಗಳಿಗೆ ಬಡ್ಡಿ ವ್ಯತ್ಯಾಸದ ಸ್ವಾಪ್ ಬೀಳುತ್ತದೆ, ಬ್ಯಾಂಕುಗಳ ಡೀಲರ್‌ಗಳು ಲೆಕ್ಕ ಮುಗಿಸಿ ಎದ್ದಿರುತ್ತಾರೆ. ವೆಲ್ಲಿಂಗ್ಟನ್, ಸಿಡ್ನಿ ಚಿಕ್ಕ ಮಾರುಕಟ್ಟೆಗಳು. ಟೋಕಿಯೋದಲ್ಲಿ ಬೆಳಗ್ಗೆ ಒಂಬತ್ತಾಗುವುದು ನಮ್ಮ 5:30ಕ್ಕೆ. ನಡುವೆ ಅಮೆರಿಕದ ಬೇಸಿಗೆ ಗಡಿಯಾರದ ಲೆಕ್ಕದಲ್ಲಿ ಮೂರು ತಾಸು ಖಾಲಿ.

ಎಪಿಎಂಸಿಯಲ್ಲಿ ರಾಶಿ ಅಡಿಕೆಗೆ ಹತ್ತಾರು ಜನ ಟೆಂಡರ್ ಹಾಕಿದ ದಿನದ ದರಕ್ಕೂ, ಮನೆ ಅಂಗಳಕ್ಕೆ ಬಂದ ಒಬ್ಬನೇ ವ್ಯಾಪಾರಿ ಹೇಳುವ ದರಕ್ಕೂ ವ್ಯತ್ಯಾಸ ನಮಗೆ ಯಾರೂ ಕಲಿಸಬೇಕಾಗಿಲ್ಲ. ಇಲ್ಲೂ ಅದೇ. ದರ ಹೇಳುವ ಬ್ಯಾಂಕು ನಿಮ್ಮಿಂದ ಯೂರೋ ಕೊಂಡರೆ ಅದನ್ನು ಕೂಡಲೇ ಇನ್ನೊಬ್ಬರಿಗೆ ದಾಟಿಸಬೇಕು. ಮಧ್ಯಾಹ್ನ ಕ್ಷಣದಲ್ಲಿ ದಾಟಿಸಬಹುದು, ಯಾಕೆಂದರೆ ಕೇಂದ್ರ ಬ್ಯಾಂಕುಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಬಿಐಎಸ್‌ನ 2022ರ ಸಮೀಕ್ಷೆ ಪ್ರಕಾರ ಜಗತ್ತಿನ ಕರೆನ್ಸಿ ವಹಿವಾಟಿನ ಶೇ. 38ರಷ್ಟು ನಡೆಯುವುದೇ ಬ್ರಿಟನ್ನಿನಲ್ಲಿ. ಅವರ ಬೇಸಿಗೆಯಲ್ಲಿ ಲಂಡನ್ ತೆರೆಯುವುದು ನಮ್ಮ 12:30ಕ್ಕೆ. ಸಂಜೆ 5:30ಕ್ಕೆ ನ್ಯೂಯಾರ್ಕ್ ಸೇರಿಕೊಳ್ಳುತ್ತದೆ, ರಾತ್ರಿ ಎಂಟೂವರೆವರೆಗೆ ಸ್ಪ್ರೆಡ್ ಅತಿ ಕಿರಿದು. ರಾತ್ರಿ 2:30ಕ್ಕೆ ಕೊಂಡ ಯೂರೋ ಕೈಯಲ್ಲೇ ಉಳಿಯಬಹುದು, ಆ ಅಪಾಯದ ಬೆಲೆಯನ್ನು ಬ್ಯಾಂಕು ಸ್ಪ್ರೆಡ್‌ನಲ್ಲೇ ವಸೂಲು ಮಾಡುತ್ತದೆ.

ಈ ಹೊತ್ತು ಎಷ್ಟು ಪೊಳ್ಳಾಗಿರುತ್ತದೆ ಅನ್ನುವುದಕ್ಕೆ 2019ರ ಜನವರಿ 3 ನೆನಪಿಸಿಕೊಳ್ಳಿ. ನಮ್ಮ ಬೆಳಗಿನ ಜಾವ ನಾಲ್ಕರ ಸುಮಾರಿಗೆ, ಜಪಾನಿನಲ್ಲಿ ಹೊಸವರ್ಷದ ರಜೆ ಇರುವಾಗ, ಡಾಲರ್ ಯೆನ್ ಎದುರು ಕೆಲವೇ ನಿಮಿಷದಲ್ಲಿ 105ಕ್ಕಿಂತ ಕೆಳಗೆ ಕುಸಿದು ಮತ್ತೆ ಮೇಲೆದ್ದಿತು. ಅಷ್ಟರೊಳಗೆ ಎಷ್ಟು ಜನರ ಸ್ಟಾಪ್ ಹಾರಿಹೋಗಿರಬಹುದು ಯೋಚಿಸಿ.

ನಮ್ಮ ಗಡಿಯಾರ ವರ್ಷವಿಡೀ ಒಂದೇ, ಅವರದ್ದಲ್ಲ. ನವೆಂಬರ್ ಮೊದಲ ಭಾನುವಾರ ಅಮೆರಿಕ ಗಡಿಯಾರ ಹಿಂದಿಟ್ಟ ಮೇಲೆ ಈ 2:30 ನಮಗೆ 3:30 ಆಗುತ್ತದೆ, ಮಾರ್ಚ್ ಎರಡನೇ ಭಾನುವಾರ ವಾಪಸ್ ಬರುತ್ತದೆ. ಮೋಸವೋ ಗಡಿಯಾರವೋ ತಿಳಿಯಬೇಕಾದರೆ ಚಾರ್ಟ್‌ನಲ್ಲಿ ಆಸ್ಕ್ ಗೆರೆಯನ್ನೂ ಹಾಕಿಕೊಂಡು ಕೆಲವು ರಾತ್ರಿ ಅದೇ ಹೊತ್ತಿನ ಸ್ಪ್ರೆಡ್ ನೋಡಬೇಕು. ದಿನಾ ಅದೇ ನಿಮಿಷಕ್ಕೆ ಅಗಲವಾದರೆ ಅದು ಮಾರುಕಟ್ಟೆಯ ಸ್ವಭಾವ. ಬೇರೆಲ್ಲೂ ಇಲ್ಲದ ದರ ನಿಮ್ಮ ಆ್ಯಪ್‌ನಲ್ಲಿ ಮಾತ್ರ ಕಂಡರೆ ಅನುಮಾನಪಡಲು ಕಾರಣ ಇದೆ.

ಆ ಹುಡುಗನಿಗೆ ನಾನು ಇನ್ನೊಂದು ಮಾತೂ ಹೇಳಿದೆ, ಅದು ಅವನಿಗೆ ಹಿಡಿಸಲಿಲ್ಲ. ನಮ್ಮ ದೇಶದ ಎಕ್ಸ್‌ಚೇಂಜ್‌ಗಳಲ್ಲಿ ರೂಪಾಯಿ ಜೋಡಿಗಳ ವಹಿವಾಟು ಸಂಜೆ 5ಕ್ಕೆ ಮುಗಿಯುತ್ತದೆ, ಯೂರೋ-ಡಾಲರ್‌ನಂಥ ಕ್ರಾಸ್ ಕರೆನ್ಸಿಯದ್ದು 7:30ಕ್ಕೆ. ರಾತ್ರಿ ಎರಡೂವರೆಗೆ ಯೂರೋ-ಡಾಲರ್ ಪೊಸಿಷನ್ ಕಟ್ ಆಗಿದೆ ಅಂದರೆ ಆ ಆ್ಯಪ್ ನಮ್ಮ ಎಕ್ಸ್‌ಚೇಂಜ್‌ನದ್ದಲ್ಲ ಅಂತಲೇ ಅರ್ಥ. ಅನುಮತಿ ಇಲ್ಲದ ಇಂಥ ವೇದಿಕೆಗಳ ಅಲರ್ಟ್ ಲಿಸ್ಟನ್ನು ಆರ್‌ಬಿಐ ತನ್ನ ವೆಬ್‌ಸೈಟಿನಲ್ಲೇ ಹಾಕಿದೆ, ಅದರಲ್ಲಿ ಹೆಸರಿಲ್ಲ ಅಂದ ಮಾತ್ರಕ್ಕೆ ಅನುಮತಿ ಇದೆ ಅಂತಲೂ ಅಲ್ಲ. ವಿದೇಶಿ ವಿನಿಮಯದ ಫೆಮಾ ಕಾಯ್ದೆಯಲ್ಲಿ ದಂಡ ತೊಡಗಿಸಿದ ಮೊತ್ತದ ಮೂರು ಪಟ್ಟಿನವರೆಗೂ ಹೋಗಬಹುದು. ಅಲ್ಲಿ ನಿಜಕ್ಕೂ ಮೋಸ ಆದ ದಿನ ಸೆಬಿಗೆ ಹೋಗಿ ಕೇಳುವ ದಾರಿಯೂ ಇರುವುದಿಲ್ಲ. ಖಾತೆಯಲ್ಲಿ ಉಳಿದಿದ್ದನ್ನು ಮೊದಲು ವಾಪಸ್ ತೆಗಿ ಅಂದಿದ್ದೇನೆ.